ಸ್ಲೈಡರ್ ಬಾರ್, ಹೋಸ್, ಡೈವರ್ಟರ್: ಯಾವುದನ್ನು ಮೊದಲು ನಿರ್ಧರಿಸಬೇಕು, ಯಾವ ಅಳತೆ ನಿಮ್ಮ ಬಚ್ಚಲಿಗೆ ಸರಿ

ಹ್ಯಾಂಡ್ ಶವರನ್ನು ಬೇಕಾದ ಎತ್ತರಕ್ಕೆ ಏರಿಸಿ ಇಳಿಸಲು ಗೋಡೆಗೆ ಹಾಕುವ ಸ್ಲೈಡರ್ ಬಾರ್ ಅಂಗಡಿಯಲ್ಲಿ ಒಂದು ಡಬ್ಬಿಯಲ್ಲಿ ಬರುತ್ತದೆ. ಒಳಗೆ 60 ಸೆಂ.ಮೀ. ಉದ್ದದ ಬಾರ್, ಒಂದೂವರೆ ಮೀಟರ್ ಹೋಸ್, ಒಂದು ಹ್ಯಾಂಡ್ ಶವರ್, ನಾಲ್ಕು ಸ್ಕ್ರೂ ಇರುತ್ತವೆ. ನೋಡಿದವರಿಗೆ ಇನ್ನೇನೂ ಯೋಚಿಸುವುದಿಲ್ಲ ಅನ್ನಿಸುತ್ತದೆ. ಗೋಡೆಗೆ ಹಾಕಿದ ಮೇಲೆ ಒಂದೊಂದೇ ತೊಂದರೆ ಶುರುವಾಗುತ್ತದೆ. ಹೋಸ್ ಬಕೆಟ್‌ಗೆ ಬೀಳುತ್ತದೆ, ಸ್ಲೈಡರನ್ನು ಪೂರ್ತಿ ಇಳಿಸಿದರೂ ತಲೆ ನೆನೆಯುತ್ತದೆ, ಶವರ್‌ಗೆ ತಿರುಗಿಸಿದ ನೀರು ಅರ್ಧ ಕೆಳಗಿನ ಬಕೆಟ್ ಸ್ಪೌಟ್‌ನಲ್ಲೇ ಹೋಗುತ್ತದೆ. ಡಬ್ಬಿಯ ಮೇಲಿನ ಚಿತ್ರ ನೋಡಿ ಬಾರ್ ಆರಿಸಿ, ನೀರನ್ನು ಸ್ಪೌಟ್‌ಗೋ ಶವರ್‌ಗೋ ತಿರುಗಿಸುವ ಡೈವರ್ಟರ್ ವಿಷಯ ಪ್ಲಂಬರ್ ಬಂದ ಮೇಲೆ ನೋಡೋಣ ಅಂದುಕೊಂಡರೆ ಆಗುವುದೇ ಹೀಗೆ.

ಸರಿಯಾದ ಕ್ರಮ ಇದಕ್ಕೆ ತದ್ವಿರುದ್ಧ. ಮೊದಲು ಡೈವರ್ಟರ್, ಏಕೆಂದರೆ ಹೋಸ್ ಗೋಡೆಯ ಯಾವ ಎತ್ತರದಿಂದ ಹೊರಡುತ್ತದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಆಮೇಲೆ ಬಾರ್, ಅದು ಮನೆಯವರ ಎತ್ತರಕ್ಕೂ ಸ್ನಾನದ ರೂಢಿಗೂ ಸಂಬಂಧಪಟ್ಟದ್ದು. ಹೋಸ್ ಕೊನೆಯಲ್ಲಿ. ಮೊದಲೆರಡು ತಿಳಿದಮೇಲೆ ಅದು ಬರೀ ಲೆಕ್ಕ.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಮನೆಯನ್ನು ಮುಂದಿಟ್ಟುಕೊಳ್ಳೋಣ. ಬೆಂಗಳೂರಿನ 30x40 ಸೈಟಿನ ಮನೆ, ಮೊದಲ ಮಹಡಿಯ ಬಚ್ಚಲು, ಅದರ ಮೇಲೆ ಟೆರೇಸ್, ಟೆರೇಸಿನಲ್ಲಿ ಟ್ಯಾಂಕ್. ಮನೆಯ ಯಜಮಾನರು 178 ಸೆಂ.ಮೀ. ಎತ್ತರ, ಅಂದರೆ ಐದು ಅಡಿ ಹತ್ತು ಇಂಚು. ಹೆಂಡತಿ 157 ಸೆಂ.ಮೀ. ಅಜ್ಜಿ ಸ್ಟೂಲ್ ಮೇಲೆ ಕೂತು ಸ್ನಾನ ಮಾಡುತ್ತಾರೆ. ಗೋಡೆಯಲ್ಲಿ ಈಗಾಗಲೇ ಬಿಸಿನೀರು ತಣ್ಣೀರು ಬೆರೆಸುವ ಹಳೆಯ ವಾಲ್ ಮಿಕ್ಸರ್ ಇದೆ, ಬಕೆಟ್‌ಗೆ ಸ್ಪೌಟ್ ಇದೆ, ಮೇಲೊಂದು ಶವರ್ ಇದೆ. ಟೈಲ್ಸ್ ಒಡೆಯಲು ಮನಸ್ಸಿಲ್ಲ.

ಮೊದಲು ನೀರಿನ ಒತ್ತಡ

ಡೈವರ್ಟರ್ ಆರಿಸುವ ಮುನ್ನ ಟೇಪ್ ಹಿಡಿದು ಟೆರೇಸಿಗೆ ಹತ್ತಿ. ಟ್ಯಾಂಕಿನ ನೀರಿನ ಮಟ್ಟಕ್ಕೂ ಶವರ್ ಬಾಯಿಗೂ ಇರುವ ಎತ್ತರದ ಅಂತರವೇ ನಿಮ್ಮ ಒತ್ತಡ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಲೆಕ್ಕ; ಈ ಬಾರ್ ಒತ್ತಡದ ಅಳತೆ, ಗೋಡೆಗೆ ಹಾಕುವ ಬಾರ್ ಅಲ್ಲ. ನಮ್ಮ ಉದಾಹರಣೆಯ ಮನೆಯಲ್ಲಿ ಹ್ಯಾಂಡ್ ಶವರ್ ಬಾಯಿ ನೆಲದಿಂದ 1.9 ಮೀಟರ್, ಸೂರು 3 ಮೀಟರ್, ಸ್ಲ್ಯಾಬ್ 15 ಸೆಂ.ಮೀ., ಟ್ಯಾಂಕ್ ಇಟ್ಟ ಕಟ್ಟೆ ಒಂದು ಮೀಟರ್, ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಅರ್ಧ ಮೀಟರ್. ಉಳಿದ ನಾಲ್ಕನ್ನೂ ಕೂಡಿಸಿ ಶವರ್ ಬಾಯಿಯ 1.9 ಕಳೆದರೆ ಅಂತರ 2.75 ಮೀಟರ್, ಅಂದರೆ ಕಾಲು ಬಾರ್‌ಗಿಂತ ಚೂರು ಹೆಚ್ಚು. ಪೈಪಿನ ಬೆಂಡು, ಗೀಸರ್, ಮಿಕ್ಸರ್ ದಾಟಿ ಬರುವಷ್ಟರಲ್ಲಿ ಇದರಲ್ಲೂ ಒಂದಷ್ಟು ಕಳೆಯುತ್ತದೆ. ಅದೇ ಮನೆಯ ನೆಲಮಹಡಿಯಲ್ಲಿ ಇನ್ನೂ ಮೂರು ಮೀಟರ್ ಸೇರುವುದರಿಂದ ಒತ್ತಡ ಎರಡು ಪಟ್ಟಿಗಿಂತ ಹೆಚ್ಚು. ಕೆಳಗಿನ ಬಚ್ಚಲಲ್ಲಿ ಚೆನ್ನಾಗಿ ನಡೆಯುವ ಸೆಟ್ಟು ಮೇಲಿನ ಬಚ್ಚಲಲ್ಲಿ ಮೊಂಡು ಹಿಡಿಯುವುದು ಇದೇ ಕಾರಣಕ್ಕೆ. ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ.

ಪ್ರೆಶರ್ ಪಂಪ್ ಇರುವ ಅಪಾರ್ಟ್‌ಮೆಂಟಿನಲ್ಲಿ ಈ ಚಿಂತೆ ಇಲ್ಲ. ಅಲ್ಲಿ ಬೇರೆ ಚಿಂತೆ ಇದೆ, ಅದು ಮುಂದೆ ಬರುತ್ತದೆ.

ಡೈವರ್ಟರ್: ನಾಲ್ಕು ದಾರಿ

ಮೊದಲನೆಯದು ಬಟನ್ ಸ್ಪೌಟ್. ಬಕೆಟ್‌ಗೆ ನೀರು ಬರುವ ಸ್ಪೌಟ್‌ನ ಮೇಲೆ ಒಂದು ಗುಂಡಿ, ಅದರಲ್ಲೇ ಹೋಸ್ ಸಿಕ್ಕಿಸಲು ಅರ್ಧ ಇಂಚಿನ ಥ್ರೆಡ್. ಗುಂಡಿ ಎತ್ತಿದರೆ ಒಳಗಿನ ಒಂದು ಸಣ್ಣ ಬಾಗಿಲು ಸ್ಪೌಟ್ ದಾರಿಯನ್ನು ಮುಚ್ಚಿ ನೀರನ್ನು ಹೋಸ್‌ಗೆ ಕಳಿಸುತ್ತದೆ. ಎತ್ತಿದ ಗುಂಡಿಯನ್ನು ಮೇಲೇ ಹಿಡಿದಿಡುವುದು ನೀರಿನ ಒತ್ತಡ. ನಲ್ಲಿ ನಿಲ್ಲಿಸಿದೊಡನೆ ಗುಂಡಿ ತಾನಾಗಿ ಬೀಳುತ್ತದೆ, ಮುಂದಿನವರು ನಲ್ಲಿ ತಿರುಗಿಸಿದಾಗ ನೀರು ಬಕೆಟ್‌ಗೇ ಬರುತ್ತದೆ. ಒಳ್ಳೆಯ ಉಪಾಯವೇ. ಆದರೆ ಕಾಲು ಬಾರ್ ಒತ್ತಡದಲ್ಲಿ ಗುಂಡಿಯನ್ನು ಹಿಡಿದಿಡುವ ಬಲ ಸಾಲುವುದಿಲ್ಲ. ಸ್ನಾನದ ಮಧ್ಯೆ ಯಾರೋ ಅಡುಗೆಮನೆಯ ನಲ್ಲಿ ತಿರುಗಿಸಿದರೆ ಸಾಕು, ಗುಂಡಿ ಟಪ್ ಅಂತ ಬಿದ್ದು ನೀರೆಲ್ಲ ಕಾಲ ಬುಡಕ್ಕೆ. ಮೇಲಿನ ಮಹಡಿಗೆ ಬಟನ್ ಸ್ಪೌಟೇ ಬೇಕೆಂದರೆ, ಎತ್ತಿ ತಿರುಗಿಸಿದರೆ ಲಾಕ್ ಆಗುವ ಗುಂಡಿಯದ್ದನ್ನೇ ಕೇಳಿ ತನ್ನಿ.

ಬೋರ್‌ವೆಲ್ ನೀರಿನ ಮನೆಯಲ್ಲಿ ಈ ಸ್ಪೌಟ್‌ಗೆ ಇನ್ನೊಂದು ಕಾಯಿಲೆ. ಗಡಸು ನೀರಿನ ಸುಣ್ಣ ಒಳಗಿನ ಬಾಗಿಲ ಅಂಚಿಗೆ ಕಟ್ಟಿಕೊಂಡು ಅದು ಪೂರ್ತಿ ಮುಚ್ಚದಂತೆ ಮಾಡುತ್ತದೆ. ಗುರುತು ಸುಲಭ: ಶವರ್ ನಡೆಯುವಾಗಲೂ ಸ್ಪೌಟ್‌ನಿಂದ ಬೆರಳು ಗಾತ್ರದ ಧಾರೆ ಬೀಳುತ್ತಿರುತ್ತದೆ. ಬಿಚ್ಚಿ ನಿಂಬೆ ಉಪ್ಪಿನ ನೀರಲ್ಲಿ ನೆನೆಸಿಟ್ಟರೆ ಹೋಗುತ್ತದೆ, ಆದರೆ ಮತ್ತೆ ಬರುತ್ತದೆ.

ಎರಡನೆಯದು ತ್ರೀ-ಇನ್-ಒನ್ ವಾಲ್ ಮಿಕ್ಸರ್. ಗೋಡೆಯ ಹೊರಗೇ ಕೂರುವ ಮಿಕ್ಸರ್. ಬಿಸಿ, ತಣ್ಣೀರಿನ ಎರಡು ಹಿಡಿ, ಕೆಳಗೆ ಸ್ಪೌಟ್, ಮೇಲಿನ ಶವರ್‌ಗೆ ಎಲ್ ಬೆಂಡ್, ಹ್ಯಾಂಡ್ ಶವರ್ ಹೋಸ್‌ಗೆ ಇನ್ನೊಂದು ಬಾಯಿ. ಬದಲಾಯಿಸುವ ಹಿಡಿ ಯಾಂತ್ರಿಕವಾದ್ದರಿಂದ ಒತ್ತಡ ಕಡಿಮೆಯಿದ್ದರೂ ತಿರುಗಿಸಿದ ಕಡೆಯೇ ನಿಲ್ಲುತ್ತದೆ. ಇಲ್ಲಿನ ಮನೆಗಳಲ್ಲಿ ವಾಲ್ ಮಿಕ್ಸರ್‌ನ ಬಿಸಿ ಮತ್ತು ತಣ್ಣೀರಿನ ಪಾಯಿಂಟ್‌ಗಳ ನಡುವೆ ಸಾಮಾನ್ಯವಾಗಿ ಆರು ಇಂಚು, ಅಂದರೆ 150 ಮಿ.ಮೀ. ಅಂತರ ಬಿಟ್ಟಿರುತ್ತಾರೆ. ಹಾಗಾಗಿ ಹಳೆಯದನ್ನು ಬಿಚ್ಚಿ ಅದೇ ಜಾಗಕ್ಕೆ ಹೊಸದನ್ನು ಕೂರಿಸಬಹುದು. ಒಂದೆರಡು ಮಿ.ಮೀ. ಹೆಚ್ಚು ಕಡಿಮೆ ಇದ್ದರೆ ಮಿಕ್ಸರ್ ಜೊತೆ ಬರುವ ಓರೆ ಕಾಲುಗಳನ್ನು ತಿರುಗಿಸಿ ಹೊಂದಿಸುತ್ತಾರೆ. ಟೈಲ್ಸ್‌ಗೆ ಏನೂ ಆಗುವುದಿಲ್ಲ.

ಇಲ್ಲಿ ಮೋಸ ಹೋಗುವ ಜಾಗ ಒಂದಿದೆ. ಟೆಲಿಫೋನ್ ಶವರ್ ಮಿಕ್ಸರ್ ಅಂತ ಮಾರುವ ಕೆಲವು ಮಾಡೆಲ್‌ಗಳಲ್ಲಿ ಸ್ಪೌಟ್ ಮತ್ತು ಹ್ಯಾಂಡ್ ಶವರ್ ಮಾತ್ರ ಇರುತ್ತವೆ, ಮೇಲಿನ ಶವರ್‌ಗೆ ದಾರಿಯೇ ಇರುವುದಿಲ್ಲ. ಎಲ್ ಬೆಂಡ್ ಇರುವ ಕೆಲವದರಲ್ಲಿ ಹೋಸ್‌ಗೆ ಬಾಯಿ ಇರುವುದಿಲ್ಲ. ಡಬ್ಬಿಯ ಹೆಸರನ್ನು ನಂಬದೆ ಮಿಕ್ಸರನ್ನು ಕೈಯಲ್ಲಿ ಹಿಡಿದು ನೀರು ಹೊರಬರುವ ಬಾಯಿಗಳನ್ನು ಎಣಿಸಿ. ಮೂರು ಇರಲೇಬೇಕು.

ಮೂರನೆಯದು ಮೇಲಿನ ಶವರ್‌ನ ತೋಳಿಗೇ ಸಿಕ್ಕಿಸುವ ಸಣ್ಣ ಡೈವರ್ಟರ್. ಶವರ್ ತಲೆಯನ್ನು ಬಿಚ್ಚಿ, ತೋಳಿಗೂ ತಲೆಗೂ ನಡುವೆ ಇದನ್ನು ಹಾಕಿ, ಪಕ್ಕದ ಬಾಯಿಗೆ ಹೋಸ್ ಕೊಟ್ಟರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಸರಳವಾದದ್ದಿಲ್ಲ, ಮನೆ ಬಿಡುವಾಗ ಬಿಚ್ಚಿಕೊಂಡೂ ಹೋಗಬಹುದು. ಕಷ್ಟವೆಂದರೆ ಅದು ಆರೂವರೆ ಏಳು ಅಡಿ ಎತ್ತರದಲ್ಲಿರುತ್ತದೆ. ಮಕ್ಕಳಿಗೂ ಕೂತ ಅಜ್ಜಿಗೂ ಹಿಡಿ ಎಟುಕುವುದಿಲ್ಲ. ಒತ್ತಡದ ಬಗ್ಗೆ ಮಾತ್ರ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ನೀರು ಮೇಲೆ ಹತ್ತಿ ಇಳಿಯುವುದರಿಂದ ಹ್ಯಾಂಡ್ ಶವರ್‌ಗೆ ಒತ್ತಡ ಕಡಿಮೆಯಾಗುತ್ತದೆ ಅನ್ನುತ್ತಾರೆ. ಪೈಪು ತುಂಬಿ ಹರಿಯುವಾಗ ಲೆಕ್ಕಕ್ಕೆ ಬರುವುದು ಟ್ಯಾಂಕಿನ ನೀರಿಗೂ ಹ್ಯಾಂಡ್ ಶವರ್ ಬಾಯಿಗೂ ಇರುವ ಅಂತರ. ಮಧ್ಯೆ ಪೈಪು ಎಷ್ಟು ಮೇಲೆ ಹೋಗಿ ಬಂತು ಎಂಬುದಲ್ಲ. ಹೆಚ್ಚಾಗುವುದು ಪೈಪಿನ ಉದ್ದದ ತಿಕ್ಕಾಟ ಮಾತ್ರ.

ನಾಲ್ಕನೆಯದು ಗೋಡೆಯೊಳಗೆ ಹೂಳುವ ಕನ್ಸೀಲ್ಡ್ ಡೈವರ್ಟರ್. ನೋಡಲು ಚೆಂದ, ಗೋಡೆ ಸ್ವಚ್ಛ. ಹೊಸ ಮನೆ ಕಟ್ಟುವವರು ಅಥವಾ ಬಚ್ಚಲನ್ನು ಪೂರ್ತಿ ಒಡೆದು ಮಾಡಿಸುವವರು ಮಾತ್ರ ಇದನ್ನು ಯೋಚಿಸಲಿ. ಸಾಮಾನ್ಯ ಕನ್ಸೀಲ್ಡ್ ಡೈವರ್ಟರ್‌ಗೆ ಹೊರದಾರಿ ಎರಡೇ: ಒಂದು ಮೇಲಿನ ಶವರ್‌ಗೆ, ಒಂದು ಸ್ಪೌಟ್‌ಗೆ. ಹ್ಯಾಂಡ್ ಶವರ್ ಮೂರನೆಯದು. ಅದಕ್ಕೆ ಗೋಡೆಯೊಳಗೆ ಹೂಳುವ ಭಾಗ, ಅಂದರೆ ಬಾಡಿ, ಮೂರು ದಾರಿಯದ್ದೇ ಬೇಕು, ಇಲ್ಲವಾದರೆ ಸ್ಪೌಟನ್ನು ಬಟನ್ ಸ್ಪೌಟ್ ಮಾಡಿ ಹೋಸನ್ನು ಅಲ್ಲಿಂದ ತರಬೇಕು. ಈ ಮಾತು ಪ್ಲಂಬರ್ ಗೋಡೆ ಕೊರೆಯುವ ಮೊದಲು ಆಗಬೇಕು. ಹೋಸ್ ಗೋಡೆಯಿಂದ ಹೊರಬರುವ ಎಲ್ಬೋಗೂ ಆಗಲೇ ಪೈಪ್ ಎಳೆದು ಜಾಗ ಗೊತ್ತುಮಾಡಬೇಕು.

ಕನ್ಸೀಲ್ಡ್‌ನಲ್ಲಿ ಅತಿ ಹೆಚ್ಚು ಕೆಡುವುದು ಆಳ. ಬಾಡಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕನಿಷ್ಠ ಮತ್ತು ಗರಿಷ್ಠ ಎಂದು ಎರಡು ಗೆರೆ ಇರುತ್ತವೆ. ಟೈಲ್ಸ್‌ನ ಹೊರಮೈ ಆ ಎರಡರ ನಡುವೆ ಬರಬೇಕು. ಪ್ಲಂಬರ್ ಇಟ್ಟಿಗೆ ಗೋಡೆ ನೋಡಿ ಕೂರಿಸಿ ಹೋಗುತ್ತಾನೆ. ಆಮೇಲೆ ಗಾರೆಯವರು ಪ್ಲಾಸ್ಟರ್ ಹಾಕುತ್ತಾರೆ, ಟೈಲ್ಸ್‌ನವರು ಗೋಡೆ ಸೊಟ್ಟ ಇದೆಯೆಂದು ಇನ್ನಷ್ಟು ಗಾರೆ ತುಂಬುತ್ತಾರೆ. ಕೊನೆಗೆ ಬಾಡಿ ಆಳಕ್ಕೆ ಹೋಗಿ ಹಿಡಿಯೇ ಕೂರುವುದಿಲ್ಲ, ಎಕ್ಸ್‌ಟೆನ್ಷನ್ ಕಿಟ್ ಹುಡುಕುತ್ತಾ ಓಡಾಡಬೇಕು. ಬಾಡಿ ಕೂರಿಸುವ ದಿನ ಟೈಲ್ಸ್‌ನ ಒಂದು ತುಂಡನ್ನೂ, ಅದರ ಹಿಂದೆ ಬರುವ ಗಾರೆಯಷ್ಟು ದಪ್ಪದ ಮರದ ಚಕ್ಕೆಯನ್ನೂ ಪಕ್ಕದಲ್ಲಿ ಹಿಡಿದು ಗೆರೆ ನೋಡಿಕೊಂಡರೆ ಈ ರಗಳೆ ಇಲ್ಲ.

ನಮ್ಮ ಉದಾಹರಣೆಯ ಮನೆಗೆ ಉತ್ತರ ಸ್ಪಷ್ಟ. ಒತ್ತಡ ಕಡಿಮೆ, ಹಾಗಾಗಿ ಬಟನ್ ಸ್ಪೌಟ್ ಬೇಡ. ಅಜ್ಜಿಗೆ ಎಟುಕಬೇಕು, ಹಾಗಾಗಿ ಮೇಲಿನ ತೋಳಿನ ಡೈವರ್ಟರ್ ಬೇಡ. ಗೋಡೆ ಒಡೆಯುವಂತಿಲ್ಲ, ಕನ್ಸೀಲ್ಡ್ ಮಾತೇ ಇಲ್ಲ. ಉಳಿದದ್ದು ತ್ರೀ-ಇನ್-ಒನ್ ವಾಲ್ ಮಿಕ್ಸರ್. ಹೋಸ್ ಹೊರಡುವ ಬಾಯಿ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಬರುತ್ತದೆ. ಈ 100 ಸೆಂ.ಮೀ. ಅಂಕಿ ಮುಂದಿನ ಲೆಕ್ಕಕ್ಕೆಲ್ಲ ಬೇಕು.

ಬಾರ್: ಉದ್ದನೆಯವರಿಗಲ್ಲ, ತಲೆ ನೆನೆಯಬಾರದವರಿಗೆ

ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 60 ಸೆಂ.ಮೀ., ಅದರ ಮೇಲೆ 90 ಸೆಂ.ಮೀ.; ನಡುವೆ 70ರದ್ದೂ ಅಲ್ಲಲ್ಲಿ ಇರುತ್ತದೆ. ಬಾರ್ ಉದ್ದವೆಲ್ಲ ಕೆಲಸಕ್ಕೆ ಬರುವುದಿಲ್ಲ. ಎರಡು ತುದಿಯ ಬ್ರಾಕೆಟ್ಟು, ಸ್ಲೈಡರ್‌ನ ಗಾತ್ರ ಕಳೆದರೆ 60ರ ಬಾರ್‌ನಲ್ಲಿ ಸ್ಲೈಡರ್ ಓಡಾಡುವುದು ಸುಮಾರು 50 ಸೆಂ.ಮೀ., 90ರಲ್ಲಿ 80. ಇನ್ನೊಂದು ವಿಷಯ, ನೀರು ಬೀಳುವುದು ಸ್ಲೈಡರ್ ಎತ್ತರದಿಂದಲ್ಲ. ಹ್ಯಾಂಡ್ ಶವರ್‌ನ ಹಿಡಿಯ ಬುಡ ಸ್ಲೈಡರ್‌ನಲ್ಲಿ ಕೂತರೆ ಅದರ ಬಾಯಿ ಸುಮಾರು 15 ಸೆಂ.ಮೀ. ಮೇಲಿರುತ್ತದೆ. ಕೊಳ್ಳುವ ಹ್ಯಾಂಡ್ ಶವರನ್ನು ಅಂಗಡಿಯಲ್ಲೇ ಅಳೆದು ಈ ಅಂಕಿ ತಿದ್ದಿಕೊಳ್ಳಿ.

ಯಜಮಾನರು 178. ಬಾಯಿ ಅವರ ತಲೆಗಿಂತ ಅರ್ಧ ಅಡಿಯಾದರೂ ಮೇಲಿರಬೇಕೆಂದರೆ 193ರ ಆಸುಪಾಸು ಬೇಕು, ಅಂದರೆ ಸ್ಲೈಡರ್ 178ಕ್ಕೆ ಹತ್ತಬೇಕು. ಅಷ್ಟು ನೋಡಿ 60ರ ಬಾರ್ ಹಾಕಿದರೆ ಸ್ಲೈಡರ್ ಪೂರ್ತಿ ಇಳಿದಾಗ 128, ಬಾಯಿ 143.

ಈಗ ಮನೆಯಾಕೆಯ ಲೆಕ್ಕ. ನಮ್ಮಲ್ಲಿ ಹೆಂಗಸರು ದಿನವೂ ತಲೆಗೆ ಹಾಕಿಕೊಳ್ಳುವುದಿಲ್ಲ. ವಾರಕ್ಕೆ ಒಂದೆರಡು ದಿನ ತಲೆಸ್ನಾನ, ಉಳಿದ ದಿನ ಬರೀ ಮೈಗೆ. 157 ಎತ್ತರದವರ ಭುಜ ಸುಮಾರು 128ರಲ್ಲಿ ಇರುತ್ತದೆ. ತಲೆ ನೆನೆಯದೆ ಮೈಗೆ ಮಾತ್ರ ನೀರು ಬೀಳಬೇಕೆಂದರೆ ಬಾಯಿ ಭುಜಕ್ಕಿಂತ ಕೆಳಗೆ, 123ರ ಹತ್ತಿರ ಇರಬೇಕು. ಸ್ಲೈಡರ್ 108ಕ್ಕೆ ಇಳಿಯಬೇಕು. 60ರ ಬಾರ್ 128ರಲ್ಲೇ ನಿಂತುಬಿಡುತ್ತದೆ. ಬಾಯಿ 143ರಲ್ಲಿ, ನೇರ ಕತ್ತಿಗೆ. ಆಕೆ ಕೊನೆಗೆ ಹ್ಯಾಂಡ್ ಶವರನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಸೋಪು ಹಚ್ಚಿಕೊಳ್ಳುತ್ತಾರೆ, ಅಥವಾ ಬಕೆಟ್ಟು ಮಗ್ಗಿಗೇ ವಾಪಸ್ ಹೋಗುತ್ತಾರೆ. 90ರ ಬಾರ್ ಆದರೆ ಸ್ಲೈಡರ್ 98ರಿಂದ 178ರವರೆಗೆ ಓಡಾಡುತ್ತದೆ, ಇಬ್ಬರಿಗೂ ಆಗುತ್ತದೆ. ಉದ್ದ ಬಾರ್‌ಗೆ ಕೊಡುವ ಹೆಚ್ಚಿನ ದುಡ್ಡು ಕೆಳಗಿನ ಆ ಮೂವತ್ತು ಸೆಂಟಿಮೀಟರ್‌ಗೆ.

60ರ ಬಾರ್ ಸಾಕಾಗುವ ಮನೆಯೂ ಇದೆ. ಮೇಲಿನ ಶವರ್‌ನಲ್ಲಿ ನೀರು ಜೋರಾಗಿ ಬರುತ್ತಿದ್ದರೆ ಉದ್ದನೆಯವರ ಸ್ನಾನ, ತಲೆಸ್ನಾನ ಎಲ್ಲ ಅದರಲ್ಲೇ ಆಗುತ್ತದೆ. ಆಗ ಬಾರ್ ಅಷ್ಟು ಎತ್ತರಕ್ಕೆ ಹೋಗಬೇಕಿಲ್ಲ. 60ರದ್ದನ್ನೇ ತಗ್ಗಿಸಿ, ಸ್ಲೈಡರ್ 85ರಿಂದ 135ರವರೆಗೆ ಓಡಾಡುವಂತೆ ಹಾಕಿಸಿದರೆ ಬಾಯಿ 100ರಿಂದ 150ರವರೆಗೆ ಸಿಗುತ್ತದೆ, ಮೈಸ್ನಾನಕ್ಕೂ ಮಕ್ಕಳಿಗೂ ಅದೇ ಸರಿ. ಇಷ್ಟು ತಗ್ಗಿಸಿ ಹಾಕಿ ಅಂದರೆ ಪ್ಲಂಬರ್ ಒಪ್ಪುವುದು ಕಷ್ಟ, ಅವರಿಗೆ ಬಾರ್ ಅಂದರೆ ತಲೆಯ ಮಟ್ಟದಲ್ಲೇ ಇರಬೇಕು. ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ನೀವೇ ಗುರುತು ಮಾಡಿ ತೋರಿಸಿ. ನಮ್ಮ ಉದಾಹರಣೆಯ ಮನೆಯಲ್ಲಿ ಮೇಲಿನ ಶವರ್‌ಗೆ ಒತ್ತಡವೇ ಇಲ್ಲ; ತಲೆಸ್ನಾನವೂ ಹ್ಯಾಂಡ್ ಶವರ್‌ನಲ್ಲೇ ಆಗಬೇಕು. ಹಾಗಾಗಿ 90.

ಅಜ್ಜಿಯ ಲೆಕ್ಕಕ್ಕೆ 90 ಕೂಡ ಸಾಲದು. 40 ಸೆಂ.ಮೀ. ಸ್ಟೂಲ್ ಮೇಲೆ ಕೂತಾಗ ಅವರ ಭುಜ ಸುಮಾರು 92ರಲ್ಲಿ ಬರುತ್ತದೆ, ಸ್ಲೈಡರ್ 75ರಿಂದ 80ರಲ್ಲಿ ಇರಬೇಕಾಗುತ್ತದೆ. ಇದಕ್ಕಾಗಿ ಇನ್ನೂ ಉದ್ದದ ಬಾರ್ ಹುಡುಕಬೇಡಿ. ಹ್ಯಾಂಡ್ ಶವರ್ ಸಿಕ್ಕಿಸುವ ಗೋಡೆ ಹುಕ್ ಒಂದನ್ನು 78 ಸೆಂ.ಮೀ. ಎತ್ತರದಲ್ಲಿ, ಸ್ಟೂಲ್ ಎದುರಿಗೆ ಬೇರೆಯಾಗಿ ಹಾಕಿಸಿ. ಹೆಲ್ತ್ ಫಾಸೆಟ್‌ನ ಹುಕ್ ಇದಕ್ಕೆ ಆಗುವುದಿಲ್ಲ. ಹ್ಯಾಂಡ್ ಶವರ್‌ನ ಹಿಡಿಬುಡ ಓರೆಯಾಗಿರುತ್ತದೆ, ಅದಕ್ಕೆ ಹೊಂದುವ ಓರೆ ಬಾಯಿಯ ಹೋಲ್ಡರ್ರೇ ಬೇಕು.

ಅಜ್ಜಿ ಇರುವ ಮನೆಯವರು ಗಮನಿಸಬೇಕಾದ ಇನ್ನೊಂದು ಮಾತು. ಸ್ಟೂಲ್‌ನಿಂದ ಏಳುವಾಗ ಕೈಗೆ ಮೊದಲು ಸಿಗುವುದೇ ಈ ಬಾರ್. ಇದು ಶವರ್‌ನ ಭಾರಕ್ಕೆ ಮಾಡಿದ್ದು, ಮನುಷ್ಯರ ಭಾರಕ್ಕಲ್ಲ. ಬ್ರಾಕೆಟ್ ಕಿತ್ತು ಬಂದರೆ ಜೊತೆಗೆ ಅವರೂ ಬೀಳುತ್ತಾರೆ. ಹಿಡಿದು ಏಳಲು ಗ್ರ್ಯಾಬ್ ಬಾರ್ ಬೇರೆ ಹಾಕಿಸಿ, ಅದು ಸ್ಟೂಲ್‌ಗೆ ಇದಕ್ಕಿಂತ ಹತ್ತಿರ ಇರಲಿ.

ಬಾರ್‌ನ ಲೋಹ, ಹೊಳಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಲೈಡರ್‌ನ ಬಿಗಿ ಮಾತ್ರ ನೋಡಿ. ಗುಂಡಿ ಒತ್ತಿದರೆ ಜಾರುವುದು ಒಂದು ಬಗೆ, ತಿರುಪು ತಿರುಗಿಸಿ ಬಿಗಿಮಾಡುವುದು ಇನ್ನೊಂದು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಬಡಾವಣೆಗಳಲ್ಲಿ ತಿರುಪಿನದ್ದೇ ವಾಸಿ. ಗುಂಡಿಯ ಸಣ್ಣ ಸ್ಪ್ರಿಂಗ್ ಸಂದಿಗೆ ಸುಣ್ಣ ತುಂಬಿದರೆ ಅದು ಒತ್ತಿದಲ್ಲೇ ಕಚ್ಚಿಕೊಳ್ಳುತ್ತದೆ, ಅಥವಾ ಹಿಡಿಯದೆ ಶವರ್ ನಿಧಾನಕ್ಕೆ ಕೆಳಗೆ ಜಾರುತ್ತದೆ. ದುಂಡು ಬಾರ್ ಆದರೆ ಮುಂದೆ ಸ್ಲೈಡರ್ ಮಾತ್ರ ಬದಲಾಯಿಸುವುದೂ ಸುಲಭ. ಬಾರ್‌ನ ದಪ್ಪ ಅಳೆದು ಹೇಳಿದರೆ ಸಿಗುತ್ತದೆ. ಚಪ್ಪಟೆ, ಚೌಕದ ಬಾರ್‌ಗಳಿಗೆ ಅದೇ ಕಂಪನಿಯ ಅದೇ ಮಾಡೆಲ್ ಹುಡುಕಬೇಕು.

ಹೋಸ್: ತೂಗುವ ಕುಣಿಕೆಯ ಲೆಕ್ಕ

ಹೋಸ್ ಉದ್ದ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಗಟ್ಟಿಯಾಗಿದೆ. ಆದರೆ ಉಳಿದ ಹೋಸ್ ಎಲ್ಲಿಗೆ ಹೋಗುತ್ತದೆ? ಕೆಳಕ್ಕೆ ಕುಣಿಕೆಯಾಗಿ ತೂಗುತ್ತದೆ. ಆ ಕುಣಿಕೆಯ ತಳ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. ಹೋಸ್ ಹೊರಡುವ ಬಾಯಿಯ ಎತ್ತರಕ್ಕೆ ಸ್ಲೈಡರ್ ಎತ್ತರ ಕೂಡಿಸಿ, ಹೋಸ್ ಉದ್ದ ಕಳೆದು, ಬಂದದ್ದನ್ನು ಎರಡರಿಂದ ಭಾಗಿಸಿ. ನಾಲ್ಕೈದು ಸೆಂ.ಮೀ. ಆಚೀಚೆ ಆಗಬಹುದು, ಆಯ್ಕೆಗೆ ಅಷ್ಟು ಸಾಕು.

ನಮ್ಮ ಉದಾಹರಣೆಯ ಮನೆಯಲ್ಲಿ ಹೋಸ್ ಹೊರಡುವ ಬಾಯಿ 100ರಲ್ಲಿ. ಒಂದೂವರೆ ಮೀಟರ್ ಹೋಸ್ ಹಾಕಿ ಸ್ಲೈಡರನ್ನು 178ಕ್ಕೆ ಏರಿಸಿದರೆ ಕುಣಿಕೆಯ ತಳ 64ರಲ್ಲಿ, ಏನೂ ತೊಂದರೆಯಿಲ್ಲ. ಮನೆಯಾಕೆಗಾಗಿ 108ಕ್ಕೆ ಇಳಿಸಿದರೆ ತಳ 29ಕ್ಕೆ ಬರುತ್ತದೆ. ದೊಡ್ಡ ಬಕೆಟ್‌ನ ಅಂಚು ಇದಕ್ಕಿಂತ ಎತ್ತರ ಇರುತ್ತದೆ. ಕುಣಿಕೆ ಬಕೆಟ್ ಮೇಲೇ ತೂಗಿದರೆ ಸೋಪುನೀರಲ್ಲಿ ಅದ್ದಿ ಕೂರುತ್ತದೆ. ಅಜ್ಜಿಯ ಹುಕ್‌ಗೆ ಹಾಕಿದರೆ ತಳ 14ಕ್ಕೆ. ಅದೇ ಜಾಗಕ್ಕೆ ಎರಡು ಮೀಟರ್ ಹೋಸ್ ತಂದರೆ 108ರಲ್ಲಿ ತಳ ನಾಲ್ಕು ಸೆಂ.ಮೀ., ಹುಕ್‌ನಲ್ಲಂತೂ ನೆಲದ ಮೇಲೆ ಹಾವಿನಂತೆ ಬಿದ್ದಿರುತ್ತದೆ. ಅಜ್ಜಿಯ ಕಾಲಿಗೆ ಸಿಕ್ಕುವುದು ಅದೇ.

ಹಾಗಾದರೆ ಚಿಕ್ಕದನ್ನೇ, 1.25 ಮೀಟರ್‌ನದ್ದನ್ನು ಹಾಕಬಹುದಲ್ಲ? ಕುಣಿಕೆ ಮೇಲೇ ಉಳಿಯುತ್ತದೆ, 108ರಲ್ಲಿ ತಳ 41. ಆದರೆ ತಲುಪುವ ದೂರ ನೋಡಬೇಕು. ಅಜ್ಜಿಯ ಬೆನ್ನು, ಕಾಲು ತೊಳೆಸುವವರು ಗೋಡೆಯಿಂದ ನೂರಹತ್ತು ಸೆಂ.ಮೀ. ಆಚೆ, ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಶವರ್ ಹಿಡಿಯುತ್ತಾರೆ ಎಂದಿಟ್ಟುಕೊಳ್ಳಿ. ಬಾಯಿಯಿಂದ ಅಲ್ಲಿಗೆ ನೇರ ದೂರವೇ 130. ಹ್ಯಾಂಡ್ ಶವರ್‌ನ ಹಿಡಿಯ ಉದ್ದ ಸೇರಿಸಿದರೆ ಹೇಗೋ ಮುಟ್ಟುತ್ತದೆ, ಆದರೆ ಹೋಸ್ ತಂತಿಯಂತೆ ಬಿಗಿದಿರುತ್ತದೆ. ಹಾಗೆ ದಿನವೂ ಎಳೆದರೆ ಮಿಕ್ಸರ್ ಕಡೆಯ ನಟ್ಟಿನ ಬುಡದಲ್ಲಿ ಹೋಸ್ ಮಡಚಿ ಅಲ್ಲೇ ಸೀಳುತ್ತದೆ. ಹೋಸ್‌ಗಳು ಮಧ್ಯದಲ್ಲಿ ಒಡೆಯುವುದು ಅಪರೂಪ, ಕೆಡುವುದು ಹೆಚ್ಚಾಗಿ ತುದಿಯ ಎರಡು ಇಂಚಿನಲ್ಲಿ.

ಹಾಗಾಗಿ ಈ ಮನೆಗೆ ಒಂದೂವರೆ ಮೀಟರೇ ಸರಿ. ಬಾರನ್ನು ಮಿಕ್ಸರ್‌ನ ಯಾವ ಪಕ್ಕಕ್ಕೆ ಹಾಕಬೇಕೆಂಬುದು ಆಗ ಮುಖ್ಯವಾಗುತ್ತದೆ. ಬಕೆಟ್ ಸ್ಪೌಟ್‌ನ ನೇರ ಕೆಳಗಿರುತ್ತದೆ. ಬಾರ್ ಅದರಿಂದ ಒಂದಡಿ ಪಕ್ಕಕ್ಕೆ, ಸ್ನಾನಕ್ಕೆ ನಿಲ್ಲುವ ಕಡೆ ಇದ್ದರೆ ಕುಣಿಕೆ ಬಕೆಟ್ ದಾಟಿ ತೂಗುತ್ತದೆ. ಮಿಕ್ಸರ್‌ನ ನೇರ ಮೇಲೆ ಬಾರ್ ಹಾಕಬಾರದೆನ್ನಲು ಇನ್ನೂ ದೊಡ್ಡ ಕಾರಣವಿದೆ, ಮೇಲಿನ ಶವರ್‌ಗೆ ಹೋಗುವ ಪೈಪ್ ಗೋಡೆಯೊಳಗೆ ಅದೇ ಸಾಲಿನಲ್ಲಿ ಹತ್ತಿರುತ್ತದೆ. ಡ್ರಿಲ್ ಅದಕ್ಕೆ ತಗುಲಿದರೆ ಉಳಿಸಬೇಕೆಂದುಕೊಂಡ ಟೈಲ್ಸ್ ಒಡೆಯಲೇಬೇಕು. ಬಿಸಿನೀರು, ತಣ್ಣೀರಿನ ಪೈಪ್‌ಗಳು ಯಾವ ಕಡೆಯಿಂದ ಅಡ್ಡ ಬಂದಿವೆ ಎಂಬುದನ್ನೂ ಗೀಸರ್ ಇರುವ ಜಾಗ ನೋಡಿ ಅಂದಾಜು ಮಾಡಿ.

ಅದೇ ಎರಡು ಮೀಟರ್ ಹೋಸ್ ಸರಿಹೊಂದುವುದು ಮೇಲಿನ ತೋಳಿನ ಡೈವರ್ಟರ್‌ಗೆ. ಅಲ್ಲಿ ಬಾಯಿ ಸುಮಾರು 205ರಲ್ಲಿ. ಸ್ಲೈಡರ್ 178ರಲ್ಲಿದ್ದರೆ ಕುಣಿಕೆಯ ತಳ 91, ಅಜ್ಜಿಯ ಹುಕ್‌ನಲ್ಲಿದ್ದರೂ 41. ಒಂದೂವರೆ ಮೀಟರ್‌ನದ್ದು ಅಲ್ಲಿ ಕಾಲಿನ ತನಕ ಬರುವುದೇ ಇಲ್ಲ. ಒಂದೇ ಹೋಸ್ ಒಂದು ಕಡೆ ನೆಲ ಗುಡಿಸುತ್ತದೆ, ಇನ್ನೊಂದು ಕಡೆ ಅಳತೆ ತೆಗೆದಂತೆ ಕೂರುತ್ತದೆ. ಡೈವರ್ಟರ್ ಮೊದಲು ಅಂದದ್ದು ಇದಕ್ಕೇ.

ಉದ್ದದ ಜೊತೆ ಒಳರಂಧ್ರವನ್ನೂ ನೋಡಿ. ಹೊರಗಿನಿಂದ ಒಂದೇ ದಪ್ಪ ಕಾಣುವ ಎರಡು ಹೋಸ್‌ಗಳ ಒಳಕೊಳವೆ ಬೇರೆ ಬೇರೆ ಇರುತ್ತದೆ. ನಟ್ಟಿನೊಳಗೆ ಇಣುಕಿದರೆ ತೂತು ಕಾಣುತ್ತದೆ. ಕಡಿಮೆ ಒತ್ತಡದ ಮನೆಗೆ ಪೆನ್ಸಿಲ್ ಸಲೀಸಾಗಿ ಹೋಗುವಷ್ಟು ದೊಡ್ಡದನ್ನು ಆರಿಸಿ.

ಕೂರಿಸುವಾಗ

ಟೈಲ್ಸ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿ. ಟೈಲ್ಸ್ ದಾಟುವವರೆಗೆ ಡ್ರಿಲ್‌ಗೆ ಟೈಲ್ಸ್ ಬಿಟ್, ಅದರ ಹ್ಯಾಮರ್ ಬಂದ್. ದಾಟಿದ ಮೇಲೆ ಗೋಡೆಯ ಬಿಟ್ ಹಾಕಿ ಹ್ಯಾಮರ್ ಆನ್ ಮಾಡಬಹುದು. ಗುರುತು ಮಾಡಿದ ಜಾಗವನ್ನು ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹಿಂದೆ ಗಾರೆ ಇಲ್ಲ, ಸ್ಕ್ರೂ ಬಿಗಿಮಾಡುವಾಗ ಟೈಲ್ಸ್ ಸೀಳುತ್ತದೆ, ಜಾಗ ಬದಲಿಸಿ. ಮೇಲಿನ ಬ್ರಾಕೆಟ್ ಸರಿಯುವಂಥ ಬಾರ್ ಕೊಂಡಿದ್ದರೆ ಇಲ್ಲಿ ಅನುಕೂಲ. ಹಾಲೋ ಬ್ಲಾಕ್ ಗೋಡೆಗೆ ಡಬ್ಬಿಯಲ್ಲಿ ಬಂದ ಸಣ್ಣ ಪ್ಲಗ್ ಹಿಡಿಯುವುದಿಲ್ಲ, ಟೊಳ್ಳು ಗೋಡೆಗೆ ಮಾಡಿದ ಉದ್ದ ಪ್ಲಗ್ ಬೇರೆ ತನ್ನಿ. ತೂತಿಗೆ ಪ್ಲಗ್ ಹಾಕುವ ಮುನ್ನ ಚೂರು ಸಿಲಿಕಾನ್ ತುಂಬಿದರೆ ನೀರು ಗೋಡೆಗೆ ಇಳಿಯುವುದಿಲ್ಲ.

ಹೋಸ್ ನಟ್ಟಿಗೆ ಟೆಫ್ಲಾನ್ ಟೇಪ್ ಬೇಡ. ಅಲ್ಲಿ ನೀರು ನಿಲ್ಲಿಸುವುದು ಒಳಗಿನ ರಬ್ಬರ್ ವಾಷರ್. ಟೇಪ್ ಸುತ್ತಿದರೆ ನಟ್ ಪೂರ್ತಿ ಒಳಗೆ ಹೋಗದೆ ವಾಷರ್ ಒತ್ತಿಕೊಳ್ಳುವುದಿಲ್ಲ, ಸೋರುತ್ತದೆ. ಕೈಯಲ್ಲಿ ಬಿಗಿಮಾಡಿ, ಸೋರಿದರೆ ಮಾತ್ರ ಸ್ಪ್ಯಾನರ್‌ನಿಂದ ಕಾಲು ಸುತ್ತು. ಶಂಕುವಿನಾಕಾರದ ನಟ್ ಹ್ಯಾಂಡ್ ಶವರ್ ಕಡೆಗೆ, ಸ್ಲೈಡರ್‌ನ ಓರೆ ಬಾಯಲ್ಲಿ ಕೂರುವುದು ಅದೇ. ಆರು ಮುಖದ ನಟ್ ಮಿಕ್ಸರ್ ಕಡೆಗೆ. ಎಲ್ಲ ಸರಿಯಾಗಿದ್ದೂ ಹ್ಯಾಂಡ್ ಶವರ್‌ನಲ್ಲಿ ನೀರು ಸಣ್ಣಗೆ ಬಂದರೆ ಅದರ ಹಿಡಿಬುಡದಲ್ಲಿ ಇಣುಕಿ ನೋಡಿ. ನೀರು ಉಳಿಸಲೆಂದು ಹಾಕಿದ ಸಣ್ಣ ಬಿಲ್ಲೆಯೊಂದು ಅಲ್ಲಿ ಇರಬಹುದು. ಪಂಪ್ ಇರುವ ಮನೆಯಲ್ಲಿ ಅದು ಇರಲಿ, ಟ್ಯಾಂಕ್ ಒತ್ತಡದ ಮನೆಯಲ್ಲಿ ತೆಗೆಯಿರಿ.

ಕೊನೆಗೆ, ಹಿಡಿಯಲ್ಲೇ ನೀರು ನಿಲ್ಲಿಸುವ ಗುಂಡಿ ಇರುವ ಹ್ಯಾಂಡ್ ಶವರ್ ಬಗ್ಗೆ. ಸೋಪು ಹಚ್ಚುವಷ್ಟು ಹೊತ್ತು ನಿಲ್ಲಿಸಲು ಅನುಕೂಲ ಅಂತ ಕೊಳ್ಳುತ್ತಾರೆ, ಆಮೇಲೆ ಮಿಕ್ಸರ್ ಬಂದ್ ಮಾಡುವುದನ್ನೇ ಬಿಡುತ್ತಾರೆ. ಪಂಪ್ ಒತ್ತಡದ ಅಪಾರ್ಟ್‌ಮೆಂಟಿನಲ್ಲಿ ಇಡೀ ಒತ್ತಡ ಹಗಲೂ ರಾತ್ರಿ ಹೋಸ್ ಮೇಲೆ ಕೂತಿರುತ್ತದೆ. ಶವರ್ ಹೋಸ್ ತೆರೆದ ಬಾಯಿಗೆ ನೀರು ಸಾಗಿಸಲು ಮಾಡಿದ್ದು, ಒತ್ತಡ ಹಿಡಿದಿಡಲು ಅಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ನಟ್ಟಿನ ಬುಡದಲ್ಲಿ ಬಿಟ್ಟುಕೊಂಡರೆ ಬಚ್ಚಲ ಹೊಸ್ತಿಲು ದಾಟಿ ನೀರು ಹಾಲ್‌ಗೆ ಬರುತ್ತದೆ. ಬಿಸಿ ಮತ್ತು ತಣ್ಣೀರಿನ ಒತ್ತಡ ಬೇರೆ ಬೇರೆ ಇರುವ ಮನೆಯಲ್ಲಿ, ಅಂದರೆ ತಣ್ಣೀರಿಗೆ ಮಾತ್ರ ಪಂಪ್ ಇದ್ದು ಬಿಸಿನೀರು ಟೆರೇಸಿನ ಸೋಲಾರ್‌ನಿಂದ ತಾನಾಗಿ ಇಳಿಯುವ ಕಡೆ, ಇನ್ನೊಂದು ತೊಂದರೆ. ಮಿಕ್ಸರ್‌ನ ಎರಡೂ ಹಿಡಿ ತೆರೆದಿದ್ದು ಶವರ್ ಬಾಯಿ ಮುಚ್ಚಿದ್ದರೆ, ಜೋರಿನ ತಣ್ಣೀರು ಮಿಕ್ಸರ್ ಒಳಗಿಂದಲೇ ಬಿಸಿನೀರಿನ ಪೈಪಿಗೆ ನುಗ್ಗಿ ಸೋಲಾರ್ ಟ್ಯಾಂಕಿನ ಕಡೆ ಹತ್ತುತ್ತದೆ. ನೆನ್ನೆಯೆಲ್ಲ ಬಿಸಿಲಿದ್ದರೂ ಬೆಳಗ್ಗೆ ನೀರು ಉಗುರುಬೆಚ್ಚಗೆ ಮಾತ್ರ ಬರುತ್ತಿದ್ದರೆ, ಸೋಲಾರ್‌ನವರನ್ನು ಕರೆಯುವ ಮೊದಲು ರಾತ್ರಿ ಮಿಕ್ಸರ್‌ನ ಎರಡೂ ಹಿಡಿ ಬಂದ್ ಮಾಡಿಟ್ಟು ಮಾರನೆಯ ಬೆಳಗ್ಗೆ ನೋಡಿ. ಬಿಸಿನೀರಿನ ಪೈಪಿಗೆ ಮಿಕ್ಸರ್‌ಗಿಂತ ಮೊದಲು ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಈ ಹಿಮ್ಮುಖ ಹರಿವು ನಿಲ್ಲುತ್ತದೆ. ಕಾಲು ಬಾರ್ ಒತ್ತಡದ ಲೈನಿಗೆ ಗಟ್ಟಿ ಸ್ಪ್ರಿಂಗ್‌ನದ್ದು ತರಬೇಡಿ, ಅದನ್ನು ತಳ್ಳಿ ತೆರೆಯುವಷ್ಟು ಬಲ ಬಿಸಿನೀರಿಗೆ ಇರುವುದಿಲ್ಲ. ಒಳಗೆ ತೂಗುಬಾಗಿಲಿರುವ ಬಗೆಯದ್ದನ್ನು ಕೇಳಿ, ಬಾಣದ ಗುರುತು ಮಿಕ್ಸರ್ ಕಡೆಗೆ ಬರುವಂತೆ ಹಾಕಿಸಿ.